ಡ್ರಾಪ್ ಬಾಕ್ಸ್‌ಗೆ ಹಾಕಿದ ಚೆಕ್ ಕಾಣೆ: ಸ್ಟಾಪ್ ಪೇಮೆಂಟ್ ಯಾರು ಮಾಡಿಸಬೇಕು, ಬೇರೆ ಚೆಕ್ ಯಾರು ಕೊಡಬೇಕು?

ಸುಮಾ_ಸಾಗರ

ಎಲ್ಲರಿಗೂ ನಮಸ್ಕಾರ. ಅಪ್ಪಯ್ಯನ ಪರವಾಗಿ ಕೇಳುತ್ತಿದ್ದೇನೆ.

ಅಡಿಕೆ ಮಾರಿದ್ದಕ್ಕೆ ಮಂಡಿಯವರು 1,86,400 ರೂಪಾಯಿಯ ಚೆಕ್ ಕೊಟ್ಟಿದ್ದರು. ಎರಡು ಗೆರೆ ಎಳೆದು ನಡುವೆ ಅಕೌಂಟ್ ಪೇಯಿ ಅಂತ ಬರೆದಿದ್ದ ಚೆಕ್. ಅಪ್ಪಯ್ಯ ತಮ್ಮ ಖಾತೆ ಇರುವ ಶಾಖೆಗೇ ಹೋಗಿ ಡ್ರಾಪ್ ಬಾಕ್ಸ್‌ಗೆ ಹಾಕಿದ್ದಾರೆ. ಸ್ಲಿಪ್ಪಿನ ತುಂಡು ಹರಿದುಕೊಂಡು ಬಂದಿದ್ದಾರೆ, ಆದರೆ ಅದರ ಮೇಲೆ ಸೀಲ್ ಇಲ್ಲ. ಪುಣ್ಯಕ್ಕೆ ಚೆಕ್ಕಿನ ಫೋಟೋ ನನ್ನ ವಾಟ್ಸಾಪ್‌ಗೆ ಕಳಿಸಿದ್ದರು.

ಎರಡು ವಾರ ಕಳೆದರೂ ದುಡ್ಡು ಬಂದಿಲ್ಲ. ಬ್ಯಾಂಕಿನಲ್ಲಿ ಕೇಳಿದರೆ "ಅಂಥ ಚೆಕ್ ನಮ್ಮ ಕೈಗೆ ಬಂದೇ ಇಲ್ಲ" ಅಂತಾರೆ. ಹಾಗಾದರೆ ಅದನ್ನು ಸ್ಟಾಪ್ ಮಾಡಿ, ಬೇರೆ ಚೆಕ್ ಕೊಡಿ ಅಂತ ಅಪ್ಪಯ್ಯ ಅರ್ಜಿ ಬರೆದುಕೊಟ್ಟರು. ಮ್ಯಾನೇಜರು ಅದನ್ನು ತಗೊಳ್ಳಲೇ ಇಲ್ಲ. ಮಂಡಿಯವರನ್ನು ಕೇಳಿದರೆ "ನಾನು ಚೆಕ್ ಕೊಟ್ಟಾಯ್ತು, ಒಂದೇ ಮಾಲಿಗೆ ಎರಡು ಸಲ ಚೆಕ್ ಕೊಡಕ್ಕಾಗತ್ತಾ?" ಅಂತಾರೆ.

ಈಗ ಯಾರ ಹತ್ತಿರ ಏನು ಕೇಳಬೇಕು? ಗೊತ್ತಿದ್ದವರು ಹೇಳಿ.

ಗಿರೀಶ್_ತುಮಕೂರು

ಅಕೌಂಟ್ ಪೇಯಿ ಚೆಕ್ ಅಲ್ವಾ? ತಲೆ ಕೆಡಿಸಿಕೊಳ್ಳಬೇಡಿ. ಅದು ನಿಮ್ಮ ತಂದೆ ಹೆಸರಿನ ಖಾತೆಗೆ ಬಿಟ್ಟು ಬೇರೆ ಎಲ್ಲಿಗೂ ಹೋಗಲ್ಲ. ಚೆಕ್ಕಿಗೆ ಆಯುಷ್ಯ ಇರೋದೇ ಮೂರು ತಿಂಗಳು. ಸುಮ್ನೆ ಸ್ಟಾಪ್ ಪೇಮೆಂಟ್‌ಗೆ ಶುಲ್ಕ ಯಾಕೆ ಕಟ್ಟಬೇಕು? ಮೂರು ತಿಂಗಳು ಆದಮೇಲೆ ಅದು ತಾನಾಗೇ ಸತ್ತು ಹೋಗುತ್ತೆ. ಆಗ ಮಂಡಿಯವರೂ ತಕರಾರಿಲ್ಲದೆ ಹೊಸದು ಬರೆದುಕೊಡ್ತಾರೆ.

ಕಲಬುರಗಿ_ಕಾಂಟ್ರಾಕ್ಟರ್

ಬ್ಯಾಂಕಿನವರು ಕೊಡಲ್ಲ ಅಂದರೆ ಬಿಡಬೇಡಿ ಮೇಡಂ. ಹೋದ ವರ್ಷ ನನ್ನದೂ ಹೀಗೇ ಆಗಿತ್ತು. ಟೆಂಡರಿಗೆ ಇಡಬೇಕಿದ್ದ 25,000 ರೂಪಾಯಿ ಡಿಡಿ ಬಸ್ಸಿನಲ್ಲಿ ಕಳೆದುಹೋಯಿತು. ಬ್ಯಾಂಕಿಗೆ ಹೋಗಿ ಅರ್ಜಿ ಕೊಟ್ಟೆ, ಇಂಡೆಮ್ನಿಟಿ ಬಾಂಡ್ ಬರೆದುಕೊಟ್ಟೆ, ಡುಪ್ಲಿಕೇಟ್ ಡಿಡಿ ಕೊಟ್ಟರು. ಹದಿನೈದು ದಿನದೊಳಗೆ ಕೊಡಲೇಬೇಕು ಅಂತ ರಿಸರ್ವ್ ಬ್ಯಾಂಕ್ ರೂಲ್ ಇದೆ. ಅದನ್ನು ತೋರಿಸಿ, ನಿಮಗೂ ಕೊಡ್ತಾರೆ.

ನಿವೃತ್ತ_ಕ್ಲಿಯರಿಂಗ್

ಸುಮಾ ಅವರೇ, ನಾನು ಬ್ಯಾಂಕಿನ ಕ್ಲಿಯರಿಂಗ್ ವಿಭಾಗದಲ್ಲೇ ಬಹಳ ವರ್ಷ ಇದ್ದವನು. ಮೊದಲು ಕಾಂಟ್ರಾಕ್ಟರ್ ಸಾಹೇಬರ ಮಾತು ಸರಿಮಾಡುತ್ತೇನೆ. ಅವರು ಹೇಳಿದ ರೂಲ್ ನಿಜ, ಆದರೆ ಅದು ಡಿಡಿಗೆ. ಡಿಡಿಯಲ್ಲಿ ದುಡ್ಡು ಕೊಡುತ್ತೇನೆ ಅಂತ ಬರೆದುಕೊಡುವುದು ಬ್ಯಾಂಕೇ. ಹಾಗಾಗಿ ಕಳೆದರೆ ಬೇರೆ ಕೊಡುವುದೂ ಬ್ಯಾಂಕೇ. ಹದಿನೈದು ದಿನಕ್ಕಿಂತ ತಡವಾದರೆ ಬಡ್ಡಿಯನ್ನೂ ಕೊಡಬೇಕು.

ನಿಮ್ಮದು ಚೆಕ್. ಅದನ್ನು ಬರೆದವರು ಮಂಡಿಯವರು, ಅದು ಅವರು ತಮ್ಮ ಬ್ಯಾಂಕಿಗೆ ಕೊಟ್ಟ ಆಜ್ಞೆ. ಆಜ್ಞೆ ಕೊಟ್ಟವರೇ ಅದನ್ನು ಹಿಂದೆ ತಗೊಳ್ಳಬೇಕು. ನಿಮ್ಮ ತಂದೆಯವರ ಬ್ಯಾಂಕಿಗೆ ಮಂಡಿಯವರ ಖಾತೆ ಮೇಲೆ ಯಾವ ಅಧಿಕಾರವೂ ಇಲ್ಲ. ಮ್ಯಾನೇಜರು ಸ್ಟಾಪ್ ಮಾಡಲು ಆಗಲ್ಲ ಅಂದದ್ದು ಅಷ್ಟರ ಮಟ್ಟಿಗೆ ಸರಿ. ಆದರೆ ಅರ್ಜಿಯನ್ನೇ ತಗೊಳ್ಳದೆ ವಾಪಸ್ ಕಳಿಸಿದ್ದು ತಪ್ಪು. ಅದಕ್ಕೆ ಆಮೇಲೆ ಬರುತ್ತೇನೆ.

ಎಲ್ಲಕ್ಕಿಂತ ಮೊದಲು ಒಂದು ಕೆಲಸ ಆಗಬೇಕು. ಚೆಕ್ ಪಾಸಾಗಿದೆಯೋ ಇಲ್ಲವೋ ಅಂತ ಮಂಡಿಯವರು ಇವತ್ತೇ ನೋಡಬೇಕು. ಫೋಟೋದಲ್ಲಿ ಚೆಕ್ಕಿನ ಕೆಳಗಿನ ಬಿಳಿ ಪಟ್ಟಿ ನೋಡಿ. ಎಡಗಡೆ ಮೊದಲು ಬರುವ ಆರು ಅಂಕಿಯೇ ಚೆಕ್ ನಂಬರ್. ಅದನ್ನು ಅವರಿಗೆ ಕಳಿಸಿ, ನೆಟ್ ಬ್ಯಾಂಕಿಂಗ್‌ನಲ್ಲಿ ಚೆಕ್ ಸ್ಟೇಟಸ್ ನೋಡಲು ಹೇಳಿ. ಪಾಸಾಗಿದ್ದರೆ ಸ್ಟಾಪ್ ಪೇಮೆಂಟ್ ಕೇಳಿ ಪ್ರಯೋಜನವಿಲ್ಲ. ಆಗ ಅವರ ಬ್ಯಾಂಕಿನಿಂದ ಪಾಸಾದ ಚೆಕ್ಕಿನ ಇಮೇಜ್ ಕೇಳಬೇಕು. ಯಾವ ಬ್ಯಾಂಕು ಅದನ್ನು ಕ್ಲಿಯರಿಂಗಿಗೆ ಹಾಕಿತು, ಯಾರ ಖಾತೆಗೆ ಹೋಯಿತು ಅನ್ನುವುದು ಅಲ್ಲಿಂದ ಗೊತ್ತಾಗುತ್ತದೆ. ಸ್ಲಿಪ್ಪಿನಲ್ಲಿ ಖಾತೆ ನಂಬರಿನ ಒಂದು ಅಂಕಿ ಅಸ್ಪಷ್ಟವಾಗಿದ್ದು ಬೇರೆಯವರಿಗೆ ಜಮಾ ಆದದ್ದನ್ನು ನಾನೇ ನೋಡಿದ್ದೇನೆ.

ಗಿರೀಶ್ ಅವರೇ, ಮೂರು ತಿಂಗಳು ಅನ್ನುವುದು ಸರಿ. 2012ರ ಏಪ್ರಿಲ್‌ನಿಂದ ಅದೇ ನಿಯಮ, ಅದಕ್ಕೆ ಮೊದಲು ಆರು ತಿಂಗಳಿತ್ತು. ಆದರೆ ಅಕೌಂಟ್ ಪೇಯಿ ಅಂದ ಮಾತ್ರಕ್ಕೆ ಭಯವೇ ಇಲ್ಲ ಅನ್ನಬೇಡಿ. ಹೆಸರನ್ನು ರಾಸಾಯನಿಕ ಹಾಕಿ ಅಳಿಸುವವರಿದ್ದಾರೆ. ಅದೇ ಹೆಸರಿನಲ್ಲಿ ಬೇರೆ ಕಡೆ ಖಾತೆ ತೆರೆದವರೂ ಇದ್ದಾರೆ. ಸುಮ್ಮನೆ ಕಾಯಲು ಈಗ ಇನ್ನೊಂದು ತೊಂದರೆಯೂ ಇದೆ. 2025ರ ಅಕ್ಟೋಬರ್ 4ರಿಂದ ಕ್ಲಿಯರಿಂಗ್ ದಿನವಿಡೀ ನಡೆಯುತ್ತದೆ. ಹಗಲು ಸ್ಕ್ಯಾನ್ ಆದ ಚೆಕ್ಕಿಗೆ ದುಡ್ಡು ಕೊಡುವ ಬ್ಯಾಂಕು ಅದೇ ಸಂಜೆ 7ರೊಳಗೆ ಹೌದು ಅಥವಾ ಇಲ್ಲ ಅನ್ನಬೇಕು. ಮೊದಲಿದ್ದ ಒಂದು ರಾತ್ರಿಯ ಬಿಡುವು ಈಗಿಲ್ಲ.

ಗಿರೀಶ್_ತುಮಕೂರು

ಸರಿ ಸರ್, ಆ ಹೊಸ ಕ್ಲಿಯರಿಂಗ್ ವಿಷಯ ಗೊತ್ತಿರಲಿಲ್ಲ. ಆದರೂ 1.86 ಲಕ್ಷದ ಚೆಕ್ಕಿಗೆ ಪಾಸಿಟಿವ್ ಪೇ ಇರುತ್ತಲ್ಲ? ಹೆಸರು ತಿದ್ದಿದರೆ ಅಲ್ಲೇ ಸಿಕ್ಕಿಬೀಳಲ್ವಾ?

ನಿವೃತ್ತ_ಕ್ಲಿಯರಿಂಗ್

ಸಿಕ್ಕಿಬೀಳುತ್ತದೆ, ಮಂಡಿಯವರು ಚೆಕ್ಕಿನ ವಿವರ ಮೊದಲೇ ತಮ್ಮ ಬ್ಯಾಂಕಿಗೆ ಕೊಟ್ಟಿದ್ದರೆ ಮಾತ್ರ. 50,000 ಮೇಲಿನ ಚೆಕ್ಕಿಗೆ ಆ ಸೌಲಭ್ಯ ಇದೆ. 5 ಲಕ್ಷದ ಒಳಗೆ ಸಾಮಾನ್ಯವಾಗಿ ಅದು ಖಾತೆದಾರರ ಇಷ್ಟ. ಅವರು ಕೊಟ್ಟಿದ್ದರೋ ಇಲ್ಲವೋ ಕೇಳಿ ನೋಡಿ. ಕೊಟ್ಟಿದ್ದರೂ ಸ್ಟಾಪ್ ಬೇಡ ಅಂತ ಅರ್ಥವಲ್ಲ.

ಮಂಡಿ_ರಘು

ನಾನು ವ್ಯಾಪಾರದ ಕಡೆಯವನು. ಊರು ಬೇರೆ, ಆದರೆ ಕಥೆ ಒಂದೇ. ಮಂಡಿಯವರು ಮೋಸ ಮಾಡಲು ಹಾಗೆ ಹೇಳುತ್ತಿದ್ದಾರೆ ಅಂದುಕೊಳ್ಳಬೇಡಿ ಸುಮಾ ಅವರೇ. ನಮ್ಮ ಕಡೆಯಿಂದಲೂ ಸ್ವಲ್ಪ ನೋಡಿ.

ರೈತರು ಫೋನ್ ಮಾಡಿ "ಚೆಕ್ ಕಳೆದಿದೆ, ಇನ್ನೊಂದು ಕೊಡಿ" ಅಂತಾರೆ. ಬಾಯಿಮಾತಿಗೆ ಕೊಟ್ಟೆವು ಅಂತಿಟ್ಟುಕೊಳ್ಳಿ. ತಿಂಗಳ ನಂತರ ಹಳೇದು ಬೀರುವಿನಲ್ಲಿ ಸಿಗುತ್ತದೆ. ಮನೆಯಲ್ಲಿ ಇನ್ಯಾರೋ ಅದನ್ನೂ ಹಾಕುತ್ತಾರೆ. ಎರಡೂ ಪಾಸ್! ವಾಪಸ್ ಕೇಳಲು ಹೋದರೆ ಸಂಬಂಧ ಹಾಳು. ಸರಿ, ಸ್ಟಾಪ್ ಮಾಡಿದೆವು ಅನ್ನಿ. ಆ ಚೆಕ್ ಹಾಕಿದಾಗ ಬೌನ್ಸ್ ಆಗುತ್ತದೆ, ವಕೀಲರಿಂದ ನೋಟಿಸ್ ಬರುತ್ತದೆ. ನನ್ನ ಪರಿಚಯದವರೊಬ್ಬರು ಇದೇ ವಿಷಯಕ್ಕೆ ಕೋರ್ಟಿಗೆ ಅಲೆದಿದ್ದಾರೆ.

ಹಾಗಾಗಿ ನಮಗೆ ಬೇಕಾಗುವುದು ಒಂದು ಕಾಗದ. ಚೆಕ್ ಕಳೆದಿದೆ, ಸಿಕ್ಕರೆ ಹಾಕುವುದಿಲ್ಲ, ವಾಪಸ್ ಕೊಡುತ್ತೇನೆ ಅಂತ ನಿಮ್ಮ ತಂದೆ ಸಹಿ ಹಾಕಿ ಕೊಡಲಿ. ಅದು ಕೈಯಲ್ಲಿದ್ದರೆ ಯಾವ ಮಂಡಿಯವರೂ ಇಲ್ಲ ಅನ್ನುವುದಿಲ್ಲ.

ವಕೀಲೆ_ಶಿವಮೊಗ್ಗ

ರಘು ಅವರ ಭಯ ಸುಳ್ಳಲ್ಲ. ಸ್ಟಾಪ್ ಪೇಮೆಂಟ್ ಮಾಡಿಸಿಬಿಟ್ಟರೆ ಚೆಕ್ ಬೌನ್ಸ್ ಕೇಸ್ ಬರುವುದೇ ಇಲ್ಲ ಅಂತ ಬಹಳ ಜನ ನಂಬಿದ್ದಾರೆ. ಅದು ತಪ್ಪು. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಕೇಸು ಸ್ಟಾಪ್ ಪೇಮೆಂಟ್‌ನಿಂದ ವಾಪಸ್ ಬಂದ ಚೆಕ್ಕಿಗೂ ಹಾಕಬಹುದು ಅಂತ ಸುಪ್ರೀಂ ಕೋರ್ಟ್ 1998ರಲ್ಲೇ ಹೇಳಿದೆ. ಆದರೆ 2002ರ ಇನ್ನೊಂದು ತೀರ್ಪಿನಲ್ಲಿ ಚೆಕ್ ಬರೆದವರಿಗೂ ದಾರಿ ಬಿಟ್ಟಿದೆ. ಖಾತೆಯಲ್ಲಿ ಸಾಕಷ್ಟು ದುಡ್ಡಿತ್ತು, ಸ್ಟಾಪ್ ಮಾಡಲು ಸರಿಯಾದ ಕಾರಣವಿತ್ತು ಅಂತ ಅವರು ತೋರಿಸಬಹುದು. ತೋರಿಸುವ ಹೊಣೆ ಮಾತ್ರ ಅವರದೇ. ರಘು ಕೇಳುವ ಕಾಗದದ ಬೆಲೆ ಅಲ್ಲಿದೆ. ಬ್ಯಾಂಕಿಗೆ ಕೊಡುವ ಅರ್ಜಿಯಲ್ಲಿ "ಚೆಕ್ ಕಳೆದಿದೆ" ಅಂತ ಕಾರಣ ಬರೆದಿರಬೇಕು, ಚೆಕ್ ಪಡೆದವರ ಪತ್ರ ಫೈಲಿನಲ್ಲಿರಬೇಕು.

ಈಗ ಸುಮಾ ಅವರಿಗೆ. ನಿಮ್ಮ ತಂದೆಯವರ ಕೈಯಲ್ಲೂ ಕಾನೂನು ಇದೆ. ಅದೇ ಕಾಯ್ದೆಯ 45ಎ ಕಲಮು ನೋಡಿ. ಕಳೆದುಕೊಂಡವರು ಬರೆದುಕೊಟ್ಟವರನ್ನು ಅಂಥದ್ದೇ ಇನ್ನೊಂದು ಕೊಡಿ ಅಂತ ಕೇಳಬಹುದು. ಅವರು ಕೇಳಿದರೆ ಭದ್ರತೆ ಬರೆದುಕೊಡಬೇಕು. ಅಷ್ಟಾದ ಮೇಲೂ ನಿರಾಕರಿಸಿದರೆ ಕೊಡುವಂತೆ ಒತ್ತಾಯಿಸಲು ಅವಕಾಶವಿದೆ. ಚೆಕ್ ಕಳೆದ ಮಾತ್ರಕ್ಕೆ ಅಡಿಕೆಯ ಬಾಕಿ ತೀರಿದ ಹಾಗೂ ಅಲ್ಲ. ಆದರೆ ಆ ಕಲಮಿನಲ್ಲಿ ಅವಧಿ ಮೀರುವ ಮೊದಲು ಕಳೆದಿರಬೇಕು ಅಂತ ಇದೆ. ಹಾಗಾಗಿ ಗಿರೀಶ್ ಹೇಳಿದಂತೆ ಮೂರು ತಿಂಗಳು ಸುಮ್ಮನೆ ಕೂತು ಆಮೇಲೆ ಕೇಳುವುದು ಒಳ್ಳೆಯದಲ್ಲ, ಈಗಲೇ ಬರಹದಲ್ಲಿ ಕೇಳಿ.

ಪೊಲೀಸ್ ದೂರು ಬೇಕಾ ಅಂತ ಯಾರಾದರೂ ಕೇಳುತ್ತೀರಿ. ಬರೀ ಕಳೆದುಹೋದದ್ದಕ್ಕೆ ಎಫ್‌ಐಆರ್ ಬೇಕಿಲ್ಲ. ಮಂಡಿಯವರು ಹಠ ಹಿಡಿದರೆ ಠಾಣೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ, ಸಾಕು.

ಸುಮಾ_ಸಾಗರ

ತುಂಬಾ ಉಪಕಾರ ಆಯ್ತು. ಮಂಡಿಯವರ ಹತ್ತಿರ ಮಾತಾಡಿದೆ. ಅವರ ಮಗ ಮೊಬೈಲ್‌ನಲ್ಲೇ ಸ್ಟೇಟಸ್ ನೋಡಿದ. ಪಾಸಾಗಿಲ್ಲ. ಪಾಸಿಟಿವ್ ಪೇ ಅವರು ಮಾಡುವುದೇ ಇಲ್ಲವಂತೆ. ಪತ್ರ ಕೊಟ್ಟರೆ ಸ್ಟಾಪ್ ಮಾಡಿಸಲು ಒಪ್ಪಿದ್ದಾರೆ. ಪತ್ರ ಹೇಗಿರಬೇಕು? ಛಾಪಾ ಕಾಗದದಲ್ಲೇ ಬೇಕಾ?

ನಿವೃತ್ತ_ಕ್ಲಿಯರಿಂಗ್

ಅವರು ಒಪ್ಪಿದ್ದರೆ ಬಿಳಿ ಹಾಳೆ ಸಾಕು. ನಾನಾಗಿದ್ದರೆ ಹೀಗೆ ಬರೆಸುತ್ತಿದ್ದೆ:

"ನಿಮಗೆ ಮಾರಿದ ಅಡಿಕೆಯ ಬಾಬ್ತು ನೀವು ನನ್ನ ಹೆಸರಿಗೆ ಬರೆದುಕೊಟ್ಟ (ಚೆಕ್ ನಂಬರ್, ದಿನಾಂಕ, ನಿಮ್ಮ ಬ್ಯಾಂಕ್ ಮತ್ತು ಶಾಖೆ) ರೂ. 1,86,400ರ ಚೆಕ್ಕನ್ನು ನಾನು (ದಿನಾಂಕ) ನನ್ನ ಬ್ಯಾಂಕಿನ ಡ್ರಾಪ್ ಬಾಕ್ಸ್‌ಗೆ ಹಾಕಿದ್ದು, ಅದು ಖಾತೆಗೆ ಜಮಾ ಆಗಿಲ್ಲ, ಈಗ ಸಿಗುತ್ತಲೂ ಇಲ್ಲ. ಅದನ್ನು ನಾನು ಯಾರಿಗೂ ವರ್ಗಾಯಿಸಿಲ್ಲ. ದಯವಿಟ್ಟು ಅದರ ಪಾವತಿ ನಿಲ್ಲಿಸಿ, ಅದೇ ಮೊತ್ತವನ್ನು ನನಗೆ ಬೇರೆ ರೀತಿಯಲ್ಲಿ ಕೊಡಬೇಕು. ಹಳೆಯ ಚೆಕ್ ಮುಂದೆ ಸಿಕ್ಕಿದರೆ ಬ್ಯಾಂಕಿಗೆ ಹಾಕದೆ ನಿಮಗೆ ಹಿಂದಿರುಗಿಸುತ್ತೇನೆ. ನನ್ನಿಂದ ಅದರ ಮೇಲೆ ನಿಮಗೆ ನಷ್ಟವಾದರೆ ತುಂಬಿಕೊಡುತ್ತೇನೆ."

ಎರಡು ಪ್ರತಿ ಮಾಡಿ. ಒಂದರ ಮೇಲೆ ಅವರ ಸಹಿ, ಮಂಡಿಯ ಸೀಲ್, ದಿನಾಂಕ ಹಾಕಿಸಿಕೊಳ್ಳಿ.

ಅವರು ತಮ್ಮ ಬ್ಯಾಂಕಿಗೆ ಹೇಳುವಾಗ ಖಾತೆ ನಂಬರ್, ಚೆಕ್ ನಂಬರ್, ದಿನಾಂಕ, ಮೊತ್ತ, ಯಾರ ಹೆಸರಿಗೆ, ಯಾಕೆ ಇಷ್ಟೂ ಇರಬೇಕು. ಚೆಕ್ ನಂಬರ್ ಒಂದು ಅಂಕಿ ತಪ್ಪಿದರೆ ಬೇರೆ ಯಾವುದೋ ಒಳ್ಳೆಯ ಚೆಕ್ ನಿಂತು, ಕಳೆದದ್ದು ಪಾಸಾಗುತ್ತದೆ. ನೆಟ್ ಬ್ಯಾಂಕಿಂಗ್‌ನಲ್ಲಿ ಮಾಡಿದರೆ ಮುಗಿದ ತಕ್ಷಣ ಬರುವ ಪುಟವನ್ನು ಉಳಿಸಿಕೊಳ್ಳಲಿ. ಶಾಖೆಯಲ್ಲಿ ಕೊಟ್ಟರೆ ಪ್ರತಿಯ ಮೇಲೆ ಸೀಲ್ ಜೊತೆ ಗಂಟೆಯನ್ನೂ ಬರೆಸಲಿ. ಆ ಹೊತ್ತಿನ ನಂತರ ಚೆಕ್ ಪಾಸಾದರೆ ಅದು ಅವರ ಬ್ಯಾಂಕಿನ ತಪ್ಪು, ದುಡ್ಡು ಅವರ ಖಾತೆಗೆ ವಾಪಸ್ ಹಾಕಬೇಕು. ಮೊದಲು ಪಾಸಾಗಿದ್ದರೆ ಕೇಳುವ ಹಾಗಿಲ್ಲ.

ಸ್ಟಾಪ್ ಆದ ಚೆಕ್ಕನ್ನು ಯಾರಾದರೂ ಹಾಕಿದರೆ ರಿಟರ್ನ್ ಮೆಮೊದಲ್ಲಿ 20ನೇ ಕಾರಣ ಬರುತ್ತದೆ. ಚೆಕ್ ಬರೆದವರು ಪಾವತಿ ನಿಲ್ಲಿಸಿದ್ದಾರೆ ಅಂತ ಅದರ ಅರ್ಥ. ಹಣ ಸಾಲದು ಅನ್ನುವುದಕ್ಕೆ ಬೇರೆ ನಂಬರ್. ಹಾಗಾಗಿ ಮಂಡಿಯವರ ಹೆಸರಿಗೆ ಮಸಿ ಬರಲ್ಲ, ಅದನ್ನೂ ಅವರಿಗೆ ಹೇಳಿ.

ಇನ್ನೊಂದು. ಹೊಸ ಚೆಕ್ಕೇ ಬೇಕು ಅಂತ ಯಾಕೆ ಹಠ? ಎನ್‌ಇಎಫ್‌ಟಿ ಮಾಡಿ ಅನ್ನಿ.

ಮಂಡಿ_ರಘು

ಎನ್‌ಇಎಫ್‌ಟಿ ಒಳ್ಳೆಯದೇ. ನಮ್ಮ ಲೆಕ್ಕದಲ್ಲಿ ಹಳೆ ಚೆಕ್ ನಂಬರಿಗೆ ಖರ್ಚು ಬಿದ್ದಿರುತ್ತದೆ, ಅದನ್ನು ರದ್ದು ಮಾಡಿ ಹೊಸದಾಗಿ ಬರೆಯಬೇಕು ಅಷ್ಟೇ. ಆದರೆ ಸ್ಟಾಪ್ ಆದದ್ದು ಖಾತ್ರಿ ಆಗುವವರೆಗೆ ನಾನು ಒಂದು ರೂಪಾಯಿಯನ್ನೂ ಕಳಿಸಲ್ಲ, ಅವರೂ ಕಳಿಸಲಿಕ್ಕಿಲ್ಲ. ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ.

ಕಲಬುರಗಿ_ಕಾಂಟ್ರಾಕ್ಟರ್

ಡಿಡಿಗೂ ಚೆಕ್ಕಿಗೂ ಇಷ್ಟು ವ್ಯತ್ಯಾಸ ಇದೆ ಅಂತ ಈಗ ಗೊತ್ತಾಯಿತು. ಹಾಗಾದರೆ ನನ್ನ ಪ್ರಶ್ನೆ. ನನ್ನದು ಜಂಟಿ ಖಾತೆ, ತಮ್ಮನ ಜೊತೆ. ನಾನು ಬರೆದ ಚೆಕ್ಕನ್ನು ಅವನು ಸ್ಟಾಪ್ ಮಾಡಿಸಬಹುದಾ? ಒಂದು ಸಲ ಹಾಗೇ ಮಾಡಿ ನನ್ನ ಸಿಮೆಂಟ್ ಅಂಗಡಿಯವರ ಮುಂದೆ ಮಾನ ಕಳೆದ.

ನಿವೃತ್ತ_ಕ್ಲಿಯರಿಂಗ್

ಮಾಡಿಸಬಹುದು ಸಾಹೇಬರೇ. ನಿಲ್ಲಿಸಲು ಒಬ್ಬರು ಹೇಳಿದರೂ ಬ್ಯಾಂಕು ಕೇಳುತ್ತದೆ. ಆ ತಡೆ ತೆಗೆಸಲು ಸಾಮಾನ್ಯವಾಗಿ ಎಲ್ಲರ ಸಹಿ ಬೇಕು. ತಮ್ಮನ ಜೊತೆ ಮನೆಯಲ್ಲೇ ಮಾತಾಡಿಕೊಳ್ಳಿ, ಈ ವೇದಿಕೆಯಿಂದ ಅದು ಬಗೆಹರಿಯಲ್ಲ :)

ಸುಮಾ_ಸಾಗರ

ಅಪ್ಡೇಟ್ ಹಾಕುತ್ತಿದ್ದೇನೆ. ಅಪ್ಪಯ್ಯ ಪತ್ರ ಕೊಟ್ಟರು. ಮಂಡಿಯವರು ಅವತ್ತೇ ಸ್ಟಾಪ್ ಮಾಡಿಸಿ, ಮಾರನೇ ದಿನ ಎನ್‌ಇಎಫ್‌ಟಿ ಮಾಡಿದರು. ಬಂದದ್ದು 1,86,164. ಸ್ಟಾಪ್ ಪೇಮೆಂಟ್ ಶುಲ್ಕ 200, ಅದರ ಮೇಲೆ ಜಿಎಸ್‌ಟಿ 36, ಒಟ್ಟು 236 ರೂಪಾಯಿ ಹಿಡಿದುಕೊಂಡಿದ್ದಾರೆ. ಅವರ ತಪ್ಪಿಲ್ಲ, ಒಪ್ಪುತ್ತೇನೆ. ಆದರೆ ಅಪ್ಪಯ್ಯನದೂ ತಪ್ಪಿಲ್ಲವಲ್ಲ? ಬ್ಯಾಂಕಿನ ಬಾಕ್ಸ್‌ಗೆ ಹಾಕಿದ ಚೆಕ್ಕನ್ನು ಬ್ಯಾಂಕು ಕಳೆದರೆ ಅದನ್ನು ಯಾರು ಕೊಡಬೇಕು? ನಡುವೆ ಇಷ್ಟು ದಿನದ ಬಡ್ಡಿ ಬೇರೆ ಹೋಯಿತು.

ನಿವೃತ್ತ_ಕ್ಲಿಯರಿಂಗ್

ಆಮೇಲೆ ಬರುತ್ತೇನೆ ಅಂದಿದ್ದೆನಲ್ಲ, ಇದೇ ಅದು. ಕ್ಲಿಯರಿಂಗಿಗೆ ಕೊಟ್ಟ ಚೆಕ್ ದಾರಿಯಲ್ಲೋ ಬ್ಯಾಂಕಿನ ಕೈಯಲ್ಲೋ ಕಳೆದರೆ ಹೊಣೆ ಗ್ರಾಹಕನದಲ್ಲ, ಚೆಕ್ ತಗೊಂಡ ಬ್ಯಾಂಕಿನದು ಅಂತ ರಿಸರ್ವ್ ಬ್ಯಾಂಕ್ ಸ್ಪಷ್ಟವಾಗಿ ಹೇಳಿದೆ. ಬ್ಯಾಂಕು ತಾನಾಗೇ ಗ್ರಾಹಕನಿಗೆ ತಿಳಿಸಬೇಕು. ಬೇರೆ ಚೆಕ್ ಪಡೆಯಲು ಆದ ಖರ್ಚು ಕೊಡಬೇಕು. ತಡವಾದದ್ದಕ್ಕೆ ಬಡ್ಡಿಯನ್ನೂ ಕೊಡಬೇಕು. ನಿಮ್ಮ ಬ್ಯಾಂಕಿನ ವೆಬ್‌ಸೈಟಿನಲ್ಲಿ ಚೆಕ್ ಕಲೆಕ್ಷನ್ ಪಾಲಿಸಿ ಅಂತ ಒಂದು ಕಡತ ಇರುತ್ತದೆ. ಎಷ್ಟು ದಿನಕ್ಕೆ ಎಷ್ಟು ಬಡ್ಡಿ ಅಂತ ಅದರಲ್ಲೇ ಬರೆದಿರುತ್ತದೆ, ಓದಿ ನೋಡಿ.

ಅರ್ಜಿ ಕೊಡಿ. ಈ ಸಲ ತಗೊಳ್ಳದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ಅಥವಾ ಬ್ಯಾಂಕಿನ ಆನ್‌ಲೈನ್ ದೂರಿನಲ್ಲಿ ಹಾಕಿ, ದೂರು ನಂಬರ್ ಸಿಗುತ್ತದೆ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆ ಆಗದಿದ್ದರೆ, cms.rbi.org.in ನಲ್ಲಿ ಓಂಬುಡ್ಸ್‌ಮನ್‌ಗೆ ದೂರು ಹಾಕಬಹುದು. ಅದಕ್ಕೆ ಶುಲ್ಕವಿಲ್ಲ.

ವಕೀಲೆ_ಶಿವಮೊಗ್ಗ

ಸರ್ ಹೇಳಿದ್ದು ಸರಿ. ಆದರೆ ಇಲ್ಲಿ ಒಂದು ತೊಡಕಿದೆ. ಬ್ಯಾಂಕು ಚೆಕ್ ಬಂದೇ ಇಲ್ಲ ಅನ್ನುತ್ತಿದೆ. ಹೊಣೆ ಹೊರಿಸಬೇಕಾದರೆ ಅದು ಬಾಕ್ಸ್‌ಗೆ ಬಿತ್ತು ಅಂತ ತೋರಿಸಬೇಕು. ಸೀಲ್ ಇಲ್ಲದ ಸ್ಲಿಪ್ ತುಂಡನ್ನು ಯಾರು ಬೇಕಾದರೂ ಮನೆಯಲ್ಲೇ ಬರೆದುಕೊಳ್ಳಬಹುದು ಅಂತ ಅವರು ವಾದಿಸುತ್ತಾರೆ.

ನಿವೃತ್ತ_ಕ್ಲಿಯರಿಂಗ್

ಹೌದು, ಅದು ಕಷ್ಟವೇ. ಆದರೂ ಎರಡು ದಾರಿ ಇದೆ. ಬಾಕ್ಸ್ ಇರುವ ಜಾಗಕ್ಕೆ ಹೆಚ್ಚಾಗಿ ಕ್ಯಾಮೆರಾ ಇರುತ್ತದೆ. ಆ ದಿನ, ಆ ಹೊತ್ತಿನ ದೃಶ್ಯ ಅಳಿಸದೆ ಇಡಿ ಅಂತ ಅರ್ಜಿಯಲ್ಲೇ ಬರೆಯಿರಿ. ಹಳೇದರ ಮೇಲೆ ಹೊಸದು ಬರೆದು ಹೋಗುತ್ತದೆ, ತಡಮಾಡಬೇಡಿ. ಎರಡನೆಯದು, ಆ ದಿನ ಬಾಕ್ಸ್ ತೆಗೆದಾಗ ಎಷ್ಟು ಚೆಕ್ ಸಿಕ್ಕವು ಅಂತ ಬರೆದಿಟ್ಟಿದ್ದಾರಾ, ಅದನ್ನು ತೋರಿಸಿ ಅಂತ ಕೇಳಿ. ಬಾಕ್ಸಿನ ಒಳಗೋಡೆಗೆ ಚೆಕ್ ಅಂಟಿಕೊಂಡಿದ್ದದ್ದೂ ಉಂಟು, ಇನ್ನೊಬ್ಬರ ಸ್ಲಿಪ್ಪಿಗೆ ಪಿನ್ ಆಗಿ ಹೋದದ್ದೂ ಉಂಟು.

ಮುಂದಿನ ಸಲ ಅಪ್ಪಯ್ಯನಿಗೆ ಕೌಂಟರಿಗೇ ಹೋಗಲು ಹೇಳಿ. "ಬಾಕ್ಸ್‌ಗೆ ಹಾಕಿ" ಅಂತ ಕಳಿಸುವ ಹಾಗಿಲ್ಲ. ಕೌಂಟರಿನಲ್ಲಿ ಕೊಟ್ಟ ಚೆಕ್ಕಿಗೆ ಸೀಲ್ ಹಾಕಿದ ಸ್ವೀಕೃತಿ ಕೊಡಲೇಬೇಕು. ಹಾಗಂತ ಬಾಕ್ಸಿನ ಮೇಲೇ ಬರೆದಿರಬೇಕು ಅಂತ ನಿಯಮವಿದೆ.

ಗಿರೀಶ್_ತುಮಕೂರು

ನಮ್ಮ ಶಾಖೆಯ ಬಾಕ್ಸ್ ಮೇಲೆ ಬರೆದಿರೋದು "ಚೆಕ್ ಮಡಚಬೇಡಿ" ಅಂತ ಒಂದೇ. 236 ರೂಪಾಯಿಗೆ ಇಷ್ಟೆಲ್ಲಾ ಓಡಾಟ ಬೇಕಾ ಅಂತ ನನಗೆ ಈಗಲೂ ಅನಿಸುತ್ತೆ, ಬೇಜಾರಾಗಬೇಡಿ.

ಸುಮಾ_ಸಾಗರ

ಓಡಾಟ ಏನಿಲ್ಲ, ಆನ್‌ಲೈನ್‌ನಲ್ಲೇ ದೂರು ಹಾಕಿದ್ದೇನೆ. ಕ್ಯಾಮೆರಾ ವಿಷಯವನ್ನೂ ಸೇರಿಸಿದ್ದೇನೆ. ಮ್ಯಾನೇಜರು ಫೋನ್ ಮಾಡಿ "ದುಡ್ಡು ಬಂತಲ್ಲ, ದೂರು ವಾಪಸ್ ತಗೊಳ್ಳಿ" ಅಂದರು. ಬರಹದಲ್ಲಿ ಉತ್ತರ ಕೊಡಿ ಅಂದೆ. ಇನ್ನೂ ಕೊಟ್ಟಿಲ್ಲ.

ಒಂದು ಅನುಮಾನ. ಈಗ ಬಾಕ್ಸ್‌ನಲ್ಲೇ ಆ ಚೆಕ್ ಸಿಕ್ಕಿ, ಬ್ಯಾಂಕಿನವರು ಕ್ಲಿಯರಿಂಗಿಗೆ ಹಾಕಿಬಿಟ್ಟರೆ?

ನಿವೃತ್ತ_ಕ್ಲಿಯರಿಂಗ್

20ನೇ ಕಾರಣ ಹಾಕಿ ವಾಪಸ್ ಬರುತ್ತದೆ. ನಿಮ್ಮ ತಂದೆಯವರ ಖಾತೆಯಿಂದ ರಿಟರ್ನ್ ಶುಲ್ಕ ಹಿಡಿಯಬಹುದು, ಹಿಡಿದರೆ ಅದನ್ನೂ ದೂರಿಗೆ ಸೇರಿಸಿ. ಅದಕ್ಕಿಂತ, ಈ ಚೆಕ್ ಸಿಕ್ಕರೆ ಕ್ಲಿಯರಿಂಗಿಗೆ ಹಾಕದೆ ನಮಗೆ ಕೊಡಿ ಅಂತ ಇವತ್ತೇ ದೂರಿನ ಕೆಳಗೆ ಒಂದು ಸಾಲು ಬರೆಯಿರಿ. ಸಿಕ್ಕಿದ ದಿನ ಅದರ ಮೇಲೆ ಅಡ್ಡ ಗೆರೆ ಎಳೆದು ರದ್ದು ಅಂತ ಬರೆದು ಮಂಡಿಯವರಿಗೆ ಕೊಡಿ, ಅವರ ಕೈಯಲ್ಲಿರುವ ಪತ್ರದ ಮೇಲೆ "ಚೆಕ್ ವಾಪಸ್ ಬಂದಿದೆ" ಅಂತ ಬರೆಸಿಕೊಂಡು ಬನ್ನಿ. ಹಾಗೆ ಸಿಕ್ಕರೆ ಬ್ಯಾಂಕಿನವರ "ಬಂದೇ ಇಲ್ಲ" ಅನ್ನುವ ಮಾತೂ ಬೀಳುತ್ತದೆ, ಫೋಟೋ ತೆಗೆದುಕೊಳ್ಳಲು ಮರೆಯಬೇಡಿ.